ಏರದ ಬಾಡಿಗೆ, ಕಿತ್ತುಬಂದ ನಲ್ಲಿ

ಸಾಯುವುದರೊಳಗೆ ಒಮ್ಮೆಯಾದರೂ ಉದಾರಿ ಎನಿಸಿಕೊಳ್ಳಲೇಬೇಕೆಂದು ನಾನು ಭೀಷಣ ಸಂಕಲ್ಪ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ.

"ಈ ಸಲ ಸಿಸ್ಟರ್ ಮನೆ ಬಾಡಿಗೆ ಏರಿಸೋದಿಲ್ಲ!" ಎಂದು ಕನ್ನಡಿಗೆ ಹೇಳಿದೆ.

ಅಡುಗೆಮನೆಯಿಂದ ಹೆಂಡತಿ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಏನೂ ಇಲ್ವಲ್ಲ!"

ಅವಳ ಗಾಬರಿಗೆ ಕಾರಣವಿತ್ತು. ನಾನು ನಲ್ಲಿ, ಪೈಪು, ಬೀಗ, ಬಣ್ಣ ಮಾರುವ ವ್ಯಾಪಾರಿ. "ನಿಮಗಂತ ಈ ರೇಟು" ಎಂದು ಊರಿಗೆಲ್ಲ ಒಂದೇ ರೇಟು ಹೇಳಿ ಬದುಕಿದವನು. ನಮ್ಮ ಹಳೆಯ ಮನೆಯ ಕರಾರಿನಲ್ಲಿ, ನವೀಕರಣದ ಸಮಯದಲ್ಲಿ ಬಾಡಿಗೆಯನ್ನು ನೂರಕ್ಕೆ ಹತ್ತರವರೆಗೆ ಏರಿಸಬಹುದು ಎಂದಿದೆ. "ವರೆಗೆ" ಎಂಬ ಆ ಪದ ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪ್ರತಿ ವರ್ಷ ಹತ್ತೆಂದರೆ ಹತ್ತು!

ಆ ಮನೆಯಲ್ಲಿರುವವರು ನಿವೃತ್ತ ಹೆಡ್ ನರ್ಸ್. ಇಡೀ ಬೀದಿಗೆ ಸಿಸ್ಟರ್. ಅವರಿಗಿಂತ ಮೊದಲು ಬಂದವರನ್ನು ನೆನೆದರೆ ಇಂದಿಗೂ ನನ್ನ ಎದೆ ಡವಗುಟ್ಟುತ್ತದೆ. ಒಬ್ಬ ಗೋಡೆಯಲ್ಲಿ ಮೊಳೆಗಳ ತೋಟ ಬೆಳೆಸಿದ್ದ. ಇನ್ನೊಬ್ಬ ಹೋಗುವಾಗ ಬಲ್ಬಿನ ಜೊತೆ ಹೋಲ್ಡರನ್ನೂ, ಹೋಲ್ಡರಿನ ಜೊತೆ ಒಂದಿಷ್ಟು ವೈರನ್ನೂ ಪ್ರೀತಿಯಿಂದ ಕೊಂಡೊಯ್ದಿದ್ದ. ಸಿಸ್ಟರ್ ಬಂದ ಮೇಲೆ ಆ ಮನೆಗೆ ಮರುಜನ್ಮ ಬಂತು. ಸೋರಿಕೆ ಸಣ್ಣದಿರುವಾಗಲೇ ಫೋನ್ ಮಾಡುತ್ತಾರೆ. ಸಣ್ಣಪುಟ್ಟ ರಿಪೇರಿ ತಾವೇ ಮಾಡಿಸಿ, ದೊಡ್ಡದಕ್ಕೆ ಮಾತ್ರ ನನ್ನನ್ನು ಕರೆಯುತ್ತಾರೆ. ಗೋಡೆಗೆ ಮೊಳೆ ಹೊಡೆಯಬೇಕಾದರೂ, "ಚುಚ್ಚಬಹುದಾ?" ಎಂದು ಕೇಳಿಯೇ ಚುಚ್ಚುವ ಕೈ ಅದು!

"ಅವರು ಮನೆ ಚೆನ್ನಾಗಿ ನೋಡ್ಕೊಂಡಿದಾರಲ್ಲ, ಅದಕ್ಕೆ ನನ್ನ ಕೃತಜ್ಞತೆ," ಎಂದೆ, ಗಂಭೀರವಾಗಿ.

"ಕೃತಜ್ಞತೆಯೋ, ಲೆಕ್ಕಾಚಾರವೋ?"

ಮೂವತ್ತು ವರ್ಷ ಒಬ್ಬಳ ಜೊತೆ ಸಂಸಾರ ಮಾಡಿದರೆ ಇದೇ ಕಷ್ಟ. ಸತ್ಯ ಒಪ್ಪಿಕೊಂಡೆ. ಹತ್ತರಂತೆ ಏರಿಸಿದರೆ ವರ್ಷಕ್ಕೆ ನನಗೆ ಹೆಚ್ಚು ಬರುವುದು ಒಂದು ತಿಂಗಳ ಬಾಡಿಗೆಗಿಂತ ತುಸು ಮೇಲೆ. ಬೇಜಾರಾಗಿ ಅವರು ಬಿಟ್ಟುಹೋದರೆ? ಮನೆ ಒಂದೆರಡು ತಿಂಗಳು ಖಾಲಿ. ಬ್ರೋಕರನಿಗೆ ಒಂದು ತಿಂಗಳದ್ದು. ಸುಣ್ಣಬಣ್ಣ ಬೇರೆ. ಮೇಲೆ, ಬರುವವನು ಮೊಳೆ ಬೆಳೆಸುವವನೋ ವೈರು ಕೊಯ್ಯುವವನೋ ಯಾರಿಗೆ ಗೊತ್ತು!

"ಹಾಗೆ ಹೇಳಿ ಮತ್ತೆ. ಹೋಗೋ ಮುಂಚೆ ಫೋನ್ ಮಾಡಿ. ಮನೆ ನೋಡೋಕೆ ಬರೋದಾದ್ರೆ ಹಿಂದಿನ ದಿನವೇ ತಿಳಿಸಬೇಕು ಅಂತ ಕರಾರಲ್ಲಿ ನೀವೇ ಬರೆಸಿದೀರ."

"ಒಳ್ಳೆ ಸುದ್ದಿಗೆ ಯಾರಾದ್ರೂ ನೋಟೀಸ್ ಕೊಡ್ತಾರೇನೇ!"

ಮರುದಿನ, ಹಳೆಯ ಬಾಡಿಗೆಯನ್ನೇ ನಮೂದಿಸಿ ಟೈಪ್ ಮಾಡಿಸಿದ ಹೊಸ ಕರಾರನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ರಾಜ್ಯ ದಾನ ಮಾಡಲು ಹೊರಟ ಚಕ್ರವರ್ತಿಯಂತೆ ಹೊರಟೆ.

ಆ ಬೀದಿಗೆ ತಿರುಗಿದರೆ ನನಗೆ ಪ್ರತಿ ಸಲವೂ ವಯಸ್ಸು ಇಳಿಯುತ್ತದೆ. ಮದುವೆಯಾದ ಹೊಸತರಲ್ಲಿ ನಾವು ಸಂಸಾರ ಹೂಡಿದ ಮನೆ ಅದು. ಒಂದು ಟ್ರಂಕು, ಒಂದು ಸ್ಟೌ, ಎರಡು ತಟ್ಟೆ. ಅಂಗಡಿ ಆಗ ಬೀರುವಿನಷ್ಟಿತ್ತು. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ನಿಲ್ಲಬೇಕಿತ್ತು. ಮೇಸ್ತ್ರಿಯ ಕೂಲಿ ಉಳಿಸಲು ಹಿತ್ತಲ ಬಾಗಿಲಿನ ಮುಂದೆ ನಾನೇ ಸಿಮೆಂಟು ಹಾಕಿದ್ದೆ. "ಒಣಗೋ ತನಕ ಕಾಲಿಡಬೇಡ" ಎಂದು ಹೆಂಡತಿಗೆ ಹೇಳಿ ತಿರುಗುವುದರೊಳಗೆ ಅವಳು ಬಟ್ಟೆಯ ಬುಟ್ಟಿ ಹೊತ್ತುಕೊಂಡು ನೇರ ಅದರ ಮೇಲೆ ಕಾಲಿಟ್ಟಿದ್ದಳು! ನಮ್ಮ ಸಂಸಾರದ ಮೊದಲ ಮಹಾಯುದ್ಧ ಅಲ್ಲೇ ನಡೆಯಿತು. ಯಾರು ಗೆದ್ದರೆಂಬುದು ಸಿಮೆಂಟಿನಲ್ಲೇ ದಾಖಲಾಯಿತು.

ಬಾಗಿಲು ತೆರೆದ ಸಿಸ್ಟರ್ ನನ್ನ ಹಲ್ಲುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಯಜಮಾನ್ರೇ, ಇಷ್ಟೊಂದು ನಗು? ಡಾಕ್ಟರು ಹೀಗೆ ನಗ್ತಾ ವಾರ್ಡಿಗೆ ಬಂದ್ರೆ ಸುದ್ದಿ ಕೆಟ್ಟದ್ದೇ ಅಂತ ಅರ್ಥ."

ನಾನು ಒಳಗೆ ಕಾಲಿಟ್ಟೆ. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು! ಎರಡಕ್ಕೆ ಆಗಲೇ ಹಗ್ಗ ಬಿಗಿದಿತ್ತು.

"ಸಿಸ್ಟರ್, ಇದೇನಿದು?"

"ನಿಮ್ಮ ಬಾಡಿಗೆ ವರ್ಷ ವರ್ಷ ಏರುತ್ತೆ. ನನ್ನ ಪಿಂಚಣಿಗೆ ಆ ಬುದ್ಧಿ ಬಂದಿಲ್ಲ. ನನ್ನ ಜೊತೆ ಕೆಲಸ ಮಾಡಿದವಳ ಮನೆ ಹಿಂದೆ ಒಂದು ರೂಮಿದೆ. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾಳೆ."

ನನ್ನ ಕಣ್ಣ ಮುಂದೆ ಮೊಳೆಗಳು ಮೆರವಣಿಗೆ ಹೊರಟವು. ತಡಬಡಿಸಿ ಕರಾರು ತೆಗೆದು ಕೈಗಿತ್ತೆ. "ಬೇಡ ಸಿಸ್ಟರ್! ಈ ಸಲ ಒಂದು ಪೈಸೆಯೂ ಏರಿಸ್ತಿಲ್ಲ! ನೀವು ಮನೆ ನೋಡ್ಕೊಂಡ ರೀತಿಗೆ ಇದು ನನ್ನ ಕಾಣಿಕೆ!"

ಅವರು ಖುಷಿಪಡಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ರೋಗಿಯ ರಿಪೋರ್ಟಿನಂತೆ ಓದಿದರು.

"ಈ ವರ್ಷ ಬಿಟ್ಟ ಹತ್ತನ್ನ ಮುಂದಿನ ವರ್ಷದ ಹತ್ತಕ್ಕೆ ಸೇರಿಸಿ ಇಪ್ಪತ್ತು ಮಾಡ್ತೀರೇನು?"

"ಛೆ ಛೆ! ಬಿಟ್ಟದ್ದು ಬಿಟ್ಟ ಹಾಗೆ. ಮುಂದೆ ಏರಿಸಿದ್ರೂ ಈಗಿನ ಬಾಡಿಗೆಯಿಂದಲೇ ಲೆಕ್ಕ."

"ಅಡ್ವಾನ್ಸ್ ಹೆಚ್ಚು ಕೇಳ್ತೀರಾ?"

"ಇರೋದೇ ಸಾಕು."

"ದೊಡ್ಡ ರಿಪೇರಿ ನನ್ನ ತಲೆಗೆ ಕಟ್ತೀರಾ?"

"ಮೊದಲಿನ ಹಾಗೇ. ದೊಡ್ಡದು ನನ್ನದು, ಸಣ್ಣದು ನಿಮ್ಮದು."

"ಇದೆಲ್ಲ ಇದರಲ್ಲಿ ಬರೆದಿಲ್ವಲ್ಲ? ಎಷ್ಟು ದಿನಕ್ಕೆ ಈ ರಿಯಾಯಿತಿ ಅಂತಲೂ ಇಲ್ಲ."

"ಒಂದು ವರ್ಷದ ಕರಾರಿಗೆ ಸಿಸ್ಟರ್. ನನ್ನ ಮಾತು ಸಾಲದೇ?"

"ಅಂಗಡೀಲಿ ಗ್ಯಾರಂಟಿ ಬಾಯಲ್ಲಿ ಕೊಡ್ತೀರಾ?" ಎಂದು ಕಾಗದ ನನ್ನ ಜೇಬಿಗೇ ತುರುಕಿದರು. "ಯೋಚನೆ ಮಾಡ್ತೀನಿ. ಕೂತ್ಕೊಳ್ಳಿ, ಕಾಫಿ ಕೊಡ್ತೀನಿ."

ಅಲ್ಲೇ ನನ್ನ ಹಣೆಬರಹ ಕೆಟ್ಟಿತು. ಯೋಚನೆ ಮಾಡುವ ಗಿರಾಕಿಯನ್ನು ಸುಮ್ಮನೆ ಬಿಟ್ಟು ನನಗೆ ಅಭ್ಯಾಸವಿಲ್ಲ! ಎದ್ದೆ. ಅವರೇ ವಾಸವಿದ್ದ ಮನೆಯನ್ನು ಅವರಿಗೇ ಮಾರಲು ಶುರು ಮಾಡಿದೆ.

"ಈ ಕಿಟಕಿ ನೋಡಿ ಸಿಸ್ಟರ್! ನಾನೇ ನಿಂತು ಮಾಡಿಸಿದ್ದು. ಇಂಥ ಮರ ಈಗ ಎಲ್ಲಿ ಸಿಗುತ್ತೆ!" ಎಂದು ಹಿಡಿಯನ್ನು ಜಗ್ಗಿದೆ.

"ಅದನ್ನ ಸ್ವಲ್ಪ ಮೇಲಕ್ಕೆತ್ತಿ ಎಳೀಬೇಕು," ಎಂಬ ದನಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಕಿಟಕಿ ಅಲ್ಲೇ ಇತ್ತು, ಹಿಡಿ ನನ್ನ ಕೈಯಲ್ಲಿತ್ತು! ಅತ್ತಿತ್ತ ನೋಡಿ ಅದನ್ನು ಪ್ಯಾಂಟಿನ ಜೇಬಿಗೆ ಇಳಿಸಿದೆ. ಏನೂ ಆಗದವನಂತೆ ಅಡುಗೆಮನೆಗೆ ನಡೆದೆ.

ಅಲ್ಲಿ ನಮ್ಮ ಕಾಲದ ಹಿತ್ತಾಳೆ ನಲ್ಲಿ ಥಳಥಳ ಹೊಳೆಯುತ್ತಿತ್ತು. ನಾನು ಅಂಗಡಿಗೆ ತಂದ ಮೊಟ್ಟಮೊದಲ ಡಜನ್ನಿನಲ್ಲಿ ಒಂದು. ಹನ್ನೊಂದು ಮಾರಿ, ಒಂದನ್ನು ಮನೆಗೆ ಹಾಕಿದಾಗ ಹೆಂಡತಿ ಅದನ್ನು ಸುಮ್ಮಸುಮ್ಮನೆ ತೆರೆದು ಮುಚ್ಚಿ ನಕ್ಕಿದ್ದಳು.

"ನೋಡಿ, ನನ್ನ ಮಾಲು! ಇನ್ನೂ ಐವತ್ತು ವರ್ಷ..." ಎಂದು ಕೈ ಹಾಕಿದೆ.

"ಮುಟ್ಬೇಡಿ! ಅದಕ್ಕೆ ಅರ್ಧ ಸುತ್ತು ಮಾತ್ರ!"

"ನಲ್ಲಿ ಮಾರೋನಿಗೆ ನಲ್ಲಿ ತಿರುಗಿಸೋದು ಹೇಳ್ಕೊಡ್ತೀರಾ ಸಿಸ್ಟರ್!" ಎಂದು ಒಂದು ಪೂರ್ಣ ಸುತ್ತು ತಿರುಗಿಸಿದೆ.

ನಲ್ಲಿ ಬುಡಸಮೇತ ಕೈಗೆ ಬಂತು. ಹಿಂದೆಯೇ ಟ್ಯಾಂಕು ಬಂತು!

ನೀರು ನನ್ನ ಮುಖಕ್ಕೆ, ಎದೆಗೆ, ಎದೆಯ ಜೇಬಿನಲ್ಲಿದ್ದ ಔದಾರ್ಯಕ್ಕೆ ರಪ್ಪನೆ ಹೊಡೆಯಿತು. "ಮೇನ್ ವಾಲ್ವ್!" ಎಂದು ಕಿರುಚಿ, ನಾನೇ ಕೂರಿಸಿದ ವಾಲ್ವಲ್ಲವೇ ಎಂಬ ಧೈರ್ಯದಿಂದ ಮುಂಬಾಗಿಲ ಮೂಲೆಗೆ ಓಡಿದೆ. ಅಲ್ಲಿ ಹೂಕುಂಡವಿತ್ತು. ಕುಂಡ ಎತ್ತಿದೆ, ಕೆಳಗೆ ಬರೀ ನೆಲ. ಮರಳಿ ಓಡುವಾಗ ಒದ್ದೆಯಲ್ಲಿ ಜಾರಿ, ಕುಂಡದ ಸಮೇತ ರಟ್ಟಿನ ಪೆಟ್ಟಿಗೆಗಳ ಮೇಲೆ ಪಟ್ಟಾಭಿಷಿಕ್ತನಾದೆ!

ಸಿಸ್ಟರ್ ಹಿತ್ತಲಿಗೆ ನಡೆದುಹೋಗಿ ವಾಲ್ವ್ ಮುಚ್ಚಿ ಬಂದರು. "ಅದನ್ನ ಹಿಂದಕ್ಕೆ ಹಾಕಿಸಿ ಎಷ್ಟು ಕಾಲ ಆಯ್ತು! ಅದರ ಬಿಲ್ಲಿನ ದುಡ್ಡು ನೀವೇ ಕೊಟ್ಟಿದ್ದು." ಆಮೇಲೆ ನನ್ನ ಹೆಂಡತಿಗೆ ಫೋನ್ ಮಾಡಿದರು. "ಅಮ್ಮಾ, ನಿಮ್ಮ ಮನೆಯವರು ಇಲ್ಲಿ ಬಿದ್ದಿದಾರೆ. ಏನೂ ಆಗಿಲ್ಲ. ಮನೆಗೆ ಮಾತ್ರ ಸ್ವಲ್ಪ ಪೆಟ್ಟಾಗಿದೆ, ಒಂದು ನಲ್ಲಿ ತನ್ನಿ."

ಹೆಂಡತಿ ಅಂಗಡಿಯಿಂದ ಹೊಸ ನಲ್ಲಿ, ಸ್ಪ್ಯಾನರ್ ಹಿಡಿದು ಬಂದಳು. ನನ್ನನ್ನು ನೋಡಿದಳು. "ರೀ, ನೋಟೀಸ್ ಕೊಟ್ಟು ಬಂದಿದ್ರೆ ಇವರು ನಲ್ಲೀನಾದ್ರೂ ಬಚ್ಚಿಡ್ತಿದ್ರು!"

ಅವಳೇ ನಲ್ಲಿ ಕೂರಿಸಿದಳು. ಆಮೇಲೆ ಇಬ್ಬರೂ ನೀರನ್ನು ಹಿತ್ತಲಿಗೆ ಗುಡಿಸುತ್ತ ಹೋದವರು ಬಾಗಿಲಲ್ಲಿ ನಿಂತುಬಿಟ್ಟರು. ನಾನೂ ಹಿಂದೆ ಹೋದೆ. ಸಿಸ್ಟರ್ ಬಂದ ಮೇಲೊಮ್ಮೆ ಆ ನೆಲವನ್ನೆಲ್ಲ ಅಗೆಸಿ ಹೊಸದು ಹಾಕಿಸಿದ್ದೆ. ನಡುವೆ ಒಂದು ತುಂಡು ಹಳೆಯ ಸಿಮೆಂಟು ಹಾಗೇ ಇತ್ತು. ಅದರಲ್ಲಿ ಒಂದು ಎಳೆಯ ಹೆಜ್ಜೆಗುರುತು; ಒಳಗೆ ಈಗ ನೀರು ನಿಂತಿತ್ತು.

"ಮೇಸ್ತ್ರಿಗೆ ಇದನ್ನ ಮುಟ್ಟಬೇಡ ಅಂದೆ," ಎಂದರು ಸಿಸ್ಟರ್. "ಯಾರದ್ದೋ ಏನೋ, ಮನೆಯ ಮಚ್ಚೆ ಇದ್ದ ಹಾಗೆ ಇತ್ತು."

ಹೆಂಡತಿ ಚಪ್ಪಲಿ ಬಿಟ್ಟು ನಿಧಾನವಾಗಿ ತನ್ನ ಕಾಲನ್ನು ಅದರ ಮೇಲಿಟ್ಟಳು. ಹಿಮ್ಮಡಿ ಹೊರಗೇ ಉಳಿಯಿತು.

"ಎಷ್ಟು ಸಣ್ಣ ಕಾಲಿತ್ತು ನಂದು!" ಎಂದಳು. ನನ್ನ ಕಡೆ ತಿರುಗಿ, "ಎಷ್ಟು ಬೈದಿದ್ರಿ ಅವತ್ತು!" ಎಂದಳು. ಬೈದ ಮಾತು ಒಂದೂ ನೆನಪಿರಲಿಲ್ಲ. ಬುಟ್ಟಿ ಹೊತ್ತು ಕಣ್ಣರಳಿಸಿ ನಿಂತಿದ್ದ ಹುಡುಗಿ ಮಾತ್ರ ನೆನಪಿದ್ದಳು. ನನ್ನ ಮುಖದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದುದು ಒಳ್ಳೆಯದೇ ಆಯಿತು.

ಒದ್ದೆ ಅಂಗಿಯ ತುದಿ ಹಿಂಡಿಕೊಂಡೆ. ಕೊನೆಗೆ ನಾನೇ, ವ್ಯಾಪಾರಿಯ ದನಿ ಬಿಟ್ಟು, ಮೆಲ್ಲಗೆ ಕೇಳಿದೆ. "ಹೋಗ್ಬಿಡ್ತೀರಾ ಸಿಸ್ಟರ್?"

ಅವರು ಹೊಸ ನಲ್ಲಿಯನ್ನು ನೋಡಿದರು, ಒದ್ದೆ ಪೆಟ್ಟಿಗೆಗಳನ್ನು ನೋಡಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗೆಳತಿಗೆ ಫೋನ್ ಹಚ್ಚಿದರು. "ಬರೋದಿಲ್ಲ ಕಣೇ. ರೂಮು ಬೇರೆಯವರಿಗೆ ಕೊಡು. ಬಾಡಿಗೆ ಏರಿಸಲ್ಲ ಅಂದಿದಾರೆ. ಅದಿರಲಿ, ಇಷ್ಟು ವರ್ಷ ಕಾಪಾಡಿದ ಪೇಶೆಂಟನ್ನ ಈ ಮನುಷ್ಯನ ಕೈಗೊಪ್ಪಿಸಿ ಹೇಗೆ ಬರಲಿ?"

ಗೆದ್ದೆ! ಆದರೆ ಹೊಸ ಕರಾರು ಜೇಬಿನಲ್ಲಿ ಮುದ್ದೆಯಾಗಿತ್ತು. ಇಬ್ಬರೂ ಹೆಂಗಸರು ಮೇಜಿಗೆ ಕೂತು ಹೊಸ ಕರಡು ಬರೆದರು. ಒಂದು ವರ್ಷ ಬಾಡಿಗೆ ಹಳೆಯದೇ. ಬಿಟ್ಟ ಏರಿಕೆಯನ್ನು ಮುಂದೆ ವಸೂಲು ಮಾಡತಕ್ಕದ್ದಲ್ಲ. ಅಡ್ವಾನ್ಸ್ ಇದ್ದಷ್ಟೇ. ರಿಪೇರಿ ಮೊದಲಿನಂತೆ, ಮಾಲೀಕರು ಸ್ವಹಸ್ತದಿಂದ ಕಿತ್ತದ್ದು ಮಾಲೀಕರದೇ ಖರ್ಚು. ಕೊನೆಯಲ್ಲಿ ಸಿಸ್ಟರ್ ತಾವೇ ಒಂದು ಷರತ್ತು ಸೇರಿಸಿದರು: "ಮಾಲೀಕರ ಭೇಟಿಯ ವೇಳೆ ಸಂಜೆ ನಾಲ್ಕರಿಂದ ಐದು. ಹಿಂದಿನ ದಿನ ತಿಳಿಸಿ ಬರಬೇಕು. ಒಳಗೆ ಏನನ್ನೂ ಮುಟ್ಟಕೂಡದು."

"ನನ್ನ ಮನೆಗೆ ನನಗೇ ವಿಸಿಟಿಂಗ್ ಅವರ್ಸಾ!" ಎಂದು ಕೂಗಿದೆ.

"ರುಜು ಹಾಕ್ರೀ," ಎಂದಳು ಹೆಂಡತಿ.

ಹಾಕಿದೆ. ಪೆನ್ನನ್ನು ಮೇಜಿನ ಮೇಲಿಡಲು ಹೋದಾಗ ಪಕ್ಕದ ಗಾಜಿನ ಲೋಟ ಅಲುಗಾಡಿತು. ಸಿಸ್ಟರ್ ವಾರ್ಡಿನ ದನಿ ತೆಗೆದರು.

"ಷರತ್ತು ಈಗಿಂದಲೇ ಜಾರಿ. ಎರಡೂ ಕೈ ಜೇಬಲ್ಲಿಡಿ!"

ವಿಧೇಯ ರೋಗಿಯಂತೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದೆ. ಬಲಗೈಗೆ ತಣ್ಣಗೆ, ಗಟ್ಟಿಯಾಗಿ ಏನೋ ತಾಗಿತು.

ಕಿಟಕಿಯ ಹಿಡಿ!