ಕಂಡಕ್ಟರರ ನೆನಪಿಗೆ ಜವಾಬು ಕಾರ್ಡು

ಜನ ಬಾಯಲ್ಲಿ ಹೇಳುವುದು ಒಂದು, ಕೈಗೆ ಕಾಗದ ಕೊಟ್ಟರೆ ಬರೆಯುವುದೇ ಇನ್ನೊಂದು. ಮೂಡಬಿದ್ರೆಯ ಬಸ್ ಆಫೀಸಿನಲ್ಲಿ ಟಿಕೇಟು ಹರಿಯುತ್ತಿದ್ದ ನನಗೆ ಇದು ಗೊತ್ತಾದದ್ದು ನಮ್ಮ ಕಂಡಕ್ಟರರು ತೀರಿಕೊಂಡ ವರ್ಷ. ಅವರ ಮಗಳಿಗೆ ಆಗ ಬರೀ ಎರಡು ವರ್ಷ.

"ಇವಳಿಗೆ ಅಪ್ಪನ ನೆನಪು ಇರಲಿಕ್ಕಿಲ್ಲ. ಗೊತ್ತಿದ್ದವರಿಂದ ಬರೆಸಿ ಒಂದು ಪುಸ್ತಕ ಮಾಡಿ ಕೊಡಿ, ವರ್ಷಾಂತಿಕದ ಒಳಗೆ" ಅಂದರು ಅವರ ಹೆಂಡತಿ. ನಾನು ಅವರನ್ನು ಅತ್ತಿಗೆ ಅನ್ನುವುದು. ಆಗಲಿ ಅಂದುಬಿಟ್ಟೆ.

೧. ಮೂರು ಉತ್ತರ

ಬಂಟ್ವಾಳದಿಂದ ನೆರಿಯದವರೆಗೆ ನೆಂಟರಿಗೆ, ಸ್ನೇಹಿತರಿಗೆ, ಉತ್ತರಕ್ಕೆ ಖಾಲಿ ಕಾರ್ಡು ಜೋಡಿಸಿದ ಜವಾಬು ಕಾರ್ಡು ಹಾಕಿದೆ. ಒಂದೇ ಒಂದು ಘಟನೆ, ಕೆಳಗೆ ಹೆಸರು, ಊರು, ಅವರಿಗೆ ನೀವೇನಾಗಬೇಕು, ತಿಂಗಳೊಳಗೆ ಕಳಿಸಿ ಎಂದು ಬರೆದಿದ್ದೆ. ಬಂದದ್ದು ಮೂರು. ಒಬ್ಬರು ನನ್ನ ಕ್ಷೇಮ ವಿಚಾರಿಸಿದ್ದರು. ಇನ್ನೊಬ್ಬರು, "ನೆನಪು ತುಂಬಾ ಉಂಟು, ಎದುರು ಸಿಕ್ಕಾಗ ಹೇಳ್ತೇನೆ." ಮೂರನೆಯವರು ಕಾರ್ಡು ಹಾಳಾಗಬಾರದೆಂದು, ತಮ್ಮ ಮಗಳಿಗೆ ಒಳ್ಳೆಯ ಗಂಡಿದ್ದರೆ ತಿಳಿಸಿ ಎಂದಿದ್ದರು.

೨. ಹೆಬ್ಬೆಟ್ಟು

ಇನ್ನು ಕೂತರೆ ಆಗದು ಎಂದು ಭಾನುವಾರ ಭಾನುವಾರ ನಾನೇ ಹೊರಟೆ. ಬಂಟ್ವಾಳದ ಮೀನಿನ ಅಕ್ಕನಿಗೆ ಬರಹ ಬಾರದು. ಅವರು ತುಳುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದೆ, ಪುನಃ ತುಳುವಿನಲ್ಲಿ ಓದಿ ಹೇಳಿದೆ. ಮೀನಿನ ಬುಟ್ಟಿ ಸೀಟಿನ ಮೇಲಿಟ್ಟದ್ದಕ್ಕೆ ಕಂಡಕ್ಟರರು ಹೇಗೆ ಹಾರಾಡಿದರು ಎಂಬ ಕತೆ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಹೆಬ್ಬೆಟ್ಟು ಒತ್ತಿಸಲು ಹೋದರೆ ಅಕ್ಕ ಕೈ ಹಿಂದೆಳೆದರು.

"ಬೈದದ್ದನ್ನೆಲ್ಲ ಹೊಡೆದು ಹಾಕಿ. ದೇವರಂಥ ಮನುಷ್ಯ ಅಂತ ಬರೆಯಿರಿ. ಆಮೇಲೆ ಬೇಕಾದ್ರೆ ಹತ್ತೂ ಬೆರಳು ಒತ್ತುತ್ತೇನೆ."

೩. ಯಾರು ಮೊದಲು

ಬೆಳ್ತಂಗಡಿಯಲ್ಲಿ ಕಂಡಕ್ಟರರ ದೊಡ್ಡಪ್ಪನವರದು ಬೇರೆ ತಕರಾರು. "ಮೊದಲ ಪುಟ ನನಗೆ. ಹಿರಿಯ ನಾನು." ಅಲ್ಲೇ ಕೂತಿದ್ದ ಅವರ ಸೋದರಮಾವನೂ ಹಿರಿಯರೇ. ನಾನು ಉಪಾಯ ಮಾಡಿದೆ: "ಬಿಡಿ ಹಾಳೆಯಲ್ಲಿ ಬರೆಸಿದ್ದೇನೆ. ಕಂಡಕ್ಟರರನ್ನು ಮೊದಲು ಕಂಡವರ ಹಾಳೆ ಮೊದಲು."

"ನಾನು ತೊಟ್ಟಿಲಲ್ಲಿ ಕಂಡವ" ಅಂದರು ದೊಡ್ಡಪ್ಪ.

ಸೋದರಮಾವ ಬಿಟ್ಟಾರೆಯೇ? "ಅವನ ಅಮ್ಮನಿಗೆ ಬಯಕೆಯ ಹುಳಿಮಾವು ಕೊಯ್ದು ಕೊಟ್ಟವ ನಾನು!"

೪. ಬೈಗುಳದ ಪುಟ

ಎಲ್ಲ ಶಾಯಿಯಲ್ಲಿ ಚಂದ ಮಾಡಿ ನಕಲು ಮಾಡಿ, ಬೈಂಡಿಗೆ ಕೊಡುವ ಮೊದಲು ಅತ್ತಿಗೆಗೆ ಓದಿದೆ. ಮೃದುಭಾಷಿ. ಶಾಂತಮೂರ್ತಿ. ಕೋಪವನ್ನೇ ಅರಿಯದವರು. ಅತ್ತಿಗೆಯ ಮುಖ ಸಣ್ಣದಾಯಿತು.

"ಇದು ಯಾರು ಮಾರಾಯ್ರೆ? ನನ್ನ ಗಂಡ ಅಲ್ಲ. ಇದನ್ನು ಓದಿದ್ರೆ ಮಗುವಿಗೆ ಅಪ್ಪ ಸಿಗುವುದಿಲ್ಲ, ಒಂದು ದೇವರು ಸಿಗ್ತದೆ. ದೇವರ ಪಟ ಗೋಡೆಯಲ್ಲಿ ಬೇಕಾದಷ್ಟು ಉಂಟು."

ನನಗೆ ಅಳು ಬಂತು. ಹೌದಲ್ಲ, ಇದರಲ್ಲಿ ನಮ್ಮ ಕಂಡಕ್ಟರರೇ ಇರಲಿಲ್ಲ! ಪುನಃ ಕಾರ್ಡು ಹಾಕಿದೆ, ಈ ಸಲ ಒಂದೇ ಪ್ರಶ್ನೆ: "ಅವರು ನಿಮಗೆ ಬೈದದ್ದು ಹೇಗೆ?"

ಹದಿನೈದೇ ದಿನ. ಕಾರ್ಡು ಸಾಲದೆ ಕವರುಗಳು ಬಂದವು. ಮೀನಿನ ಅಕ್ಕ ತಾವಾಗಿ ಬಂದು ಮೊದಲಿನ ಕತೆಯನ್ನೇ ಬರೆಸಿದರು. ಬುಟ್ಟಿಯನ್ನು ಕೊನೆಗೆ ಬೈಯುತ್ತಲೇ ಇಳಿಸಿ ಅಕ್ಕನ ತಲೆ ಮೇಲಿಟ್ಟವರೂ ಕಂಡಕ್ಟರರೇ ಅಂತೆ. ಅದನ್ನು ಓದುವಾಗ ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. "ಹಾಂ, ಇವರೇ!"

"ಕೊನೆಗೆ ಮನೆಯವರು ಬರೆಯಲಿಕ್ಕೆ ಖಾಲಿ ಹಾಳೆ ಬಿಡ್ತೇನೆ. ಎರಡು ಸಾಕಾ?" ಎಂದೆ.

"ಎಂಟು ಬಿಡಿ. ನನಗೆ ಬೈದು, ಬಸ್ಸಿಗೆ ಹೊತ್ತಾಯ್ತು ಅಂತ ಓಡ್ತಿದ್ರು. ನಾನು ಒಂದಕ್ಕೂ ಇನ್ನೂ ಉತ್ತರ ಕೊಡಲಿಲ್ಲ!"