ಒಂದು ಪೇರಲ ಹಣ್ಣು, ನಾಲ್ಕು ಕರಡು

ಬೈಯುವುದಕ್ಕೆ ಯಾರೂ ಕರಡು ಬರೆದುಕೊಳ್ಳುವುದಿಲ್ಲ. ಬೈಗಳು ತಾವೇ ಸಾಲುಗಟ್ಟಿ ಬರುತ್ತವೆ, ಎಲ್ಲಿಯೂ ತಡವರಿಸುವುದಿಲ್ಲ. ಅದೇ ಬೈಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದಾಗ ಮಾತ್ರ ದೌತಿಯಲ್ಲಿ ಮಸಿ ಇರುವುದಿಲ್ಲ, ಟಾಕಿನ ಮೊನೆ ಸೀಳಿರುತ್ತದೆ, ಕುಳಿತ ಮಣೆಯೂ ಅಲುಗಾಡುತ್ತದೆ. ಇದು ನಾನು ಯಾರಿಂದಲೋ ಕೇಳಿ ಹೇಳುವ ಮಾತಲ್ಲ. ಒಂದು ಪೇರಲ ಹಣ್ಣಿನಿಂದ ಕಲಿತದ್ದು.

ಗೋಕಾಕದಲ್ಲಿ ಮಣ್ಣಿನ ಹಣ್ಣುಹಂಪಲ ಮಾಡುವ ಒಂದು ಸಣ್ಣ ಕಾರಖಾನೆಗೆ ನಾನು ಮೇಲ್ವಿಚಾರಕ. ಕೈಕೆಳಗೆ ಹನ್ನೊಂದು ಮಂದಿ. ಅಚ್ಚಿಗೆ ಮಣ್ಣು ಒತ್ತುವವರು, ಒಣಗಿದ ಮೇಲೆ ಬಿಳಿ ಬಳಿಯುವವರು, ತಳಬಣ್ಣದವರು ಹೀಗೆ ಕೈಯಿಂದ ಕೈಗೆ ದಾಟಿ ಹಣ್ಣು ಕೊನೆಗೆ ಬಸಪ್ಪಣ್ಣನ ಮುಂದೆ ಬರುತ್ತದೆ. ಮೇಲುಬಣ್ಣ ಅವನದು. ಹಸಿರು ಎಲ್ಲಿ ಹಳದಿಯಾಗಬೇಕು, ತೊಟ್ಟಿನ ಹತ್ತಿರ ಎಷ್ಟು ಕಪ್ಪು ಬೇಕು ಎಂಬುದು ಅವನ ಕುಂಚಕ್ಕೆ ಮಾತ್ರ ಗೊತ್ತು. ಅವನು ಮಾಡಿದ ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಹೋದ ಅತಿಥಿಗಳನ್ನು ನಾನೇ ಕಂಡಿದ್ದೇನೆ. ಪೇಟೆಯಿಂದ ಒಂದು ಖರೇ ಹಣ್ಣು ತಂದು ಮಾದರಿಗೆಂದು ಹಲಗೆಯ ಮೇಲೆ ಇಟ್ಟುಕೊಂಡು ಬಣ್ಣ ಹಚ್ಚುವುದು ಅವನ ಪದ್ಧತಿ. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಬಣ್ಣ ಹಸಿ ಇರುವ ಹಣ್ಣನ್ನು ಮೈ ಮುಟ್ಟದೆ ಎರಡು ಬೆರಳಿನಿಂದ ತೊಟ್ಟು ಹಿಡಿದೇ ಎತ್ತಬೇಕು. ಈ ಎರಡು ಒಳ್ಳೆಯ ಪದ್ಧತಿಗಳು ಕೂಡಿ ನನ್ನನ್ನು ಕೆಡವಿದವು.

ಆ ಸೋಮವಾರ ಹುಕ್ಕೇರಿಯಿಂದ ಸಾವಕಾರರೊಬ್ಬರು ಮಾಲು ನೋಡಲು ಬಂದಿದ್ದರು. ಸಾವಕಾರರ ಎದುರು ನನಗೆ ಮೇಲ್ವಿಚಾರಕನಾಗಿ ಕಾಣಿಸಿಕೊಳ್ಳುವ ಚಪಲ. ಸಾಲದ್ದಕ್ಕೆ ನೆಗಡಿ; ಹೊಳಪಿಗೆ ಬಳಿಯುವ ರೋಗಣದ ವಾಸನೆಯೇ ತಿಳಿಯದ ಮೂಗಿಗೆ ಹಣ್ಣಿನ ವಾಸನೆ ಎಲ್ಲಿಂದ ತಿಳಿಯಬೇಕು? ಬಸಪ್ಪಣ್ಣನ ಹಲಗೆಯ ಮೇಲಿದ್ದ ಪೇರಲ ಹಣ್ಣುಗಳ ಸಾಲಿನಲ್ಲಿ ಒಂದಕ್ಕೆ ಕಂದು ಕಲೆ, ಹೊಟ್ಟೆಯ ಮೇಲೆ ಗಿಳಿ ಕುಕ್ಕಿದಂಥ ಗುಳಿ. ತೊಟ್ಟು ಹಿಡಿದು ಎತ್ತಿದೆ. ದಿನವೂ ‘ಬರ್ರಿ ಬಸಪ್ಪಣ್ಣ’ ಎನ್ನುವ ನಾನು ಅಂದು ಏಕವಚನಕ್ಕೆ ಇಳಿದೆ.

“ಇದೇನಲೇ ಬಸಪ್ಪ, ಇಂಥಾ ಪೇರಲ ಹಣ್ಣ ಯಾವ ಗಿಡದಾಗ ಬಿಡತೈತಿ? ಕೈ ಕೆಟ್ಟಾವು ನಿನ್ನವು. ಆ ಕುಂಚ ಇಲ್ಲಿ ಕೊಡು, ಬಿಳಿ ಬಳ್ಯಾಕ ಕೂಡು ಹೋಗು.”

ಅವನು ಹಣ್ಣನ್ನು ನೋಡಿದ, ಸಾವಕಾರರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕುಂಚ ತೊಳೆದು ನನ್ನ ಕೈಗೆ ಕೊಟ್ಟು, ಬಿಚ್ಚದ ಬುತ್ತಿಯ ಗಂಟನ್ನು ಎತ್ತಿಕೊಂಡು ಹೊರಟುಹೋದ. ಶಿಸ್ತು ಎಂದರೆ ಹೀಗೆ ಎಂದು ನಾನು ಬೀಗಿದೆ.

ಆ ಹಣ್ಣನ್ನು ಸಾಕ್ಷಿಯೆಂದು ತೊಟ್ಟು ಹಿಡಿದೇ ಕಾಗದದಲ್ಲಿ ಸುತ್ತಿ ಸಂಜೆ ಮನೆಗೆ ಒಯ್ದೆ. ಕೆಲಸ ಎಷ್ಟು ಕೆಟ್ಟಿದೆಯೆಂದು ಮನೆಯವಳಿಗೆ ತೋರಿಸಿ ನಾಲ್ಕು ಮಾತು ಆಡಬೇಕಿತ್ತು. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ತಾಟಿನಲ್ಲಿ ನನ್ನ ಸಾಕ್ಷಿ ನಾಲ್ಕು ಹೋಳಾಗಿ ಉಪ್ಪು ಖಾರ ಹಚ್ಚಿಸಿಕೊಂಡು ಕುಳಿತಿತ್ತು. ಗಿಳಿ ಕುಕ್ಕಿದ ಹಣ್ಣು ಬಹಳ ಸಿಹಿಯೆಂದು ಅವಳು ಒಂದು ಹೋಳು ಆಗಲೇ ಬಾಯಿಗೆ ಹಾಕಿಕೊಂಡಿದ್ದಳು. ನನ್ನ ಪಾಲಿನ ಹೋಳುಗಳನ್ನು ನಾನು ಅವಳ ಕಡೆಗೇ ಸರಿಸಿದೆ.

ಮರುದಿನ ಬಸಪ್ಪಣ್ಣ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂಡಲಗಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾನೆ, ಇನ್ನು ಮುಂದೆ ಅಲ್ಲಿಯೇ ತೊಟ್ಟಿಲಿಗೆ, ಬಾಗಿಲಿಗೆ ಬಣ್ಣ ಹಚ್ಚಿಕೊಂಡಿರುತ್ತಾನಂತೆ ಎಂದು ಸುದ್ದಿ ಬಂತು. ಕಾರಖಾನೆಯ ಹಣ್ಣುಗಳೆಲ್ಲ ಕಾಮಾಲೆಯಾದವರಂತೆ ಬರೀ ಹಳದಿಯಾಗಿ ಕುಳಿತವು. ಅದಕ್ಕಿಂತ ಹೆಚ್ಚಿಗೆ ಚುಚ್ಚಿದ್ದು ಬೇರೆ. ಬಸಪ್ಪಣ್ಣನ ಕೈ ಕೆಟ್ಟಿತಂತೆ ಎಂಬ ನನ್ನ ಮಾತು ಹುಕ್ಕೇರಿಯವರೆಗೂ ಹೋಗಿ, ಅಲ್ಲಿಂದ ಇನ್ನೊಬ್ಬ ವ್ಯಾಪಾರಿಯ ಬಾಯಿಂದ ನನಗೇ ತಿರುಗಿ ಬಂತು. ಮೂವತ್ತು ವರ್ಷ ಕುಂಚ ಹಿಡಿದವನ ಹೆಸರನ್ನು ಒಂದು ಗಳಿಗೆಯಲ್ಲಿ ಕೆಡಿಸಿದ್ದೆ.

ಕ್ಷಮೆ ಕೇಳಿ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ ಅರ್ಧ ಪುಟ ನನ್ನ ನೆಗಡಿ, ಉಳಿದರ್ಧ ಸಾವಕಾರರ ಅವಸರ. ಮನೆಯವಳು ಓದಿಸಿ ಕೇಳಿ, ಇದರಾಗ ತಪ್ಪು ನೆಗಡೀದಾತು, ಸಾವಕಾರರ್ದಾತು, ನಿಮ್ಮದೆಲ್ಲಿ ಐತಿ ಎಂದಳು. ಎರಡನೆಯದರಲ್ಲಿ ‘ನಿಮ್ಮ ಮನಸ್ಸಿಗೆ ನೋವಾಗಿದ್ದರೆ’ ಎಂದು ನಯವಾಗಿ ಬರೆದೆ.

“ಆಗಿದ್ರ ಅಂದ್ರೇನ್ರಿ? ಬುತ್ತಿ ಬಿಚ್ಚದ ಎದ್ದು ಹೋದಾನ ಮನಶ್ಯಾ. ನಿಮಗಿನ್ನೂ ಖಾತ್ರಿ ಆಗಿಲ್ಲೇನು?”

ಮೂರನೆಯದನ್ನು ಅವಳಿಗೆ ತೋರಿಸಲಿಲ್ಲ. ತಪ್ಪಾಯಿತು, ಮಾಲು ನಿಂತಿದೆ, ಕೂಡಲೇ ಹೊರಟು ಬರಬೇಕು ಎಂದು ಬರೆದು ಪಾಕೀಟಿನಲ್ಲಿಟ್ಟು, ಯಾರೂ ಓದದ ಹಾಗೆ ಅಂಚಿಗೆಲ್ಲ ಗೋಂದು ಹಚ್ಚಿ, ಮೂಡಲಗಿಗೆ ಹೋಗುವ ಚಕ್ಕಡಿಯವನ ಕೈಗೆ ಕೊಟ್ಟೆ. ಬಸಪ್ಪಣ್ಣನಿಗೆ ಓದು ಬಾರದು. ಸಾಲಿ ಮಾಸ್ತರರಿಂದ ಓದಿಸಿಕೊಂಡನಂತೆ. ಉತ್ತರ ಅದೇ ಚಕ್ಕಡಿಯವನ ಬಾಯಲ್ಲಿ ಬಂತು.

“ಬೈದದ್ದು ಹನ್ನೊಂದು ಮಂದಿ ಮುಂದ, ತಪ್ಪಾತು ಅಂದದ್ದು ಗೋಂದ ಹಚ್ಚಿದ ಪಾಕೀಟಿನಾಗ. ಹಂಗಾದ್ರ ಇದನ್ನ ಮನಿ ಮನಿಗೆ ಒಯ್ದು ನಾನ ತೋರಸ್ಲೇನು, ಕೇಳಿ ಬಾ ಅಂದಾನ್ರಿ.”

ನಾಲ್ಕನೆಯದನ್ನು ಕಾರ್ಡಿನ ಮೇಲೆ ಬರೆದೆ, ಯಾರು ಬೇಕಾದರೂ ಓದಲಿ ಎಂದು. ಜಾಗ ಸಣ್ಣದಾದ್ದರಿಂದ ನೆಗಡಿಗೆ ಎಡೆ ಸಿಗಲಿಲ್ಲ.

‘ಬಸಪ್ಪಣ್ಣನವರಿಗೆ ಶರಣು. ಸೋಮವಾರ ಎಲ್ಲರ ಮತ್ತು ಹುಕ್ಕೇರಿ ಸಾವಕಾರರ ಎದುರು ನಿಮ್ಮ ಕೈ ಕೆಟ್ಟಿದೆ ಎಂದೆ. ಅದು ಸುಳ್ಳು. ನಾನು ಎತ್ತಿ ಹಿಡಿದದ್ದು ನೀವು ಮಾದರಿಗೆ ಇಟ್ಟ ಖರೇ ಹಣ್ಣು. ವಿಚಾರಿಸದೆ ಬೈದೆ, ಏಕವಚನದಲ್ಲಿ ಬೈದೆ, ಕುಂಚ ಕಸಿದುಕೊಂಡೆ. ಮೂರೂ ನನ್ನ ತಪ್ಪು, ನಿಮ್ಮದೇನೂ ಇಲ್ಲ. ಇದನ್ನೇ ಇಂದು ಕಾರಖಾನೆಯಲ್ಲಿ ಎಲ್ಲರ ಮುಂದೆ ಓದಿದ್ದೇನೆ. ಹುಕ್ಕೇರಿಗೂ ಇಂಥದೇ ಕಾರ್ಡು ಹಾಕಿದ್ದೇನೆ. ಇನ್ನು ಮೇಲೆ ಕೆಲಸದಲ್ಲಿ ಏನಾದರೂ ಕಂಡರೆ ಬಾಜೂಕ್ಕೆ ಕರೆದು ಮೊದಲು ಕೇಳುತ್ತೇನೆ. ಕುಂಚ ನಿಮ್ಮ ಹಲಗೆಯ ಮೇಲಿದೆ. ಬರುವುದು ಬಿಡುವುದು ನಿಮ್ಮ ಮರ್ಜಿ.’

ಓದಿದ್ದೇನೆ ಎಂದು ಬರೆದ ಮೇಲೆ ಓದಲೇಬೇಕಲ್ಲ. ಅಂಚೆಗೆ ಹಾಕುವ ಮೊದಲು ಅಚ್ಚಿನವರನ್ನೂ ಬಣ್ಣದವರನ್ನೂ ಕರೆದು ನಿಂತು ಓದಿದೆ. ‘ಖರೇ ಹಣ್ಣು’ ಎಂಬಲ್ಲಿ ಬಿಳಿ ಬಳಿಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ತಳಬಣ್ಣದ ಅಜ್ಜ ಒತ್ತಿಕೊಳ್ಳಲಿಲ್ಲ, ಮನಸಾರೆ ನಕ್ಕ. ನಗು ಮುಗಿಯುವವರೆಗೆ ನಿಂತಿದ್ದು ಮುಂದಿನ ಸಾಲು ಓದಿದೆ. ಕಾರ್ಡು ಊರೆಲ್ಲ ಓದಿಸಿಕೊಂಡೇ ಹೋಗಿರಬೇಕು. ಎರಡು ದಿನ ಬಿಟ್ಟು ಅಂಚೆಯವನು, ಆ ಹಣ್ಣು ರುಚಿ ಇತ್ತೇನ್ರಿ ಎಂದು ಕೇಳಿದ.

ಕಾರ್ಡು ಹಾಕಿದ ಐದನೆಯ ದಿನ ಬಸಪ್ಪಣ್ಣ ಬಂದು ಹಲಗೆಯ ಮುಂದೆ ಕುಳಿತು ಕುಂಚವನ್ನು ನೀರಿಗೆ ಅದ್ದಿದ. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಬಾಜೂಕ್ಕೆ ಕರೆದೇ.

“ಸಾವಕಾರ್ರು ನಿಂತಿದ್ರಲ್ರಿ ಅಣ್ಣಾರ. ಖರೇ ಹಣ್ಣ ಅಂದಿದ್ರ ನಗಿ ನಿಮ್ಮ ಮ್ಯಾಲ ಬರ್ತಿತ್ತು. ನಂದೊಂದು ಮಾನ ಹೋದ್ರ ಹೋಗ್ಲಿ, ಕಾರಖಾನೀದು ಉಳೀಲಿ ಅಂತ ಬಾಯಿ ಮುಚ್ಚಿದೆ. ಮನಿಗೆ ಹೋದ ಮ್ಯಾಲ ಸಿಟ್ಟು ಬಂತು.”

ಇದಕ್ಕೆ ಇನ್ನೊಂದು ಕಾರ್ಡು ಬರೆಯಬೇಕೆನಿಸಿತು. ಅವನು ಆಗಲೇ ಹಲಗೆಗೆ ಮರಳಿ ಹಳದಿ ಕಲೆಸತೊಡಗಿದ್ದ.

ಅಂದಿನಿಂದ ನನಗೊಂದು ರೂಢಿ ಬಿದ್ದಿದೆ. ಯಾವ ಹಣ್ಣು ಕಂಡರೂ ಮಾತಾಡುವ ಮೊದಲು ಉಗುರಿನಿಂದ ಮೆಲ್ಲಗೆ ಗೀರಿ ನೋಡುತ್ತೇನೆ. ಮೊನ್ನೆ ಸಂತೆಯಲ್ಲಿ ಪೇರಲ ಹಣ್ಣಿನ ಬುಟ್ಟಿಯ ಮುಂದೆಯೂ ಹಾಗೇ ಮಾಡಿದೆ. ಮಾರುವ ಮುದುಕಿ ನೆರೆದವರೆಲ್ಲ ತಿರುಗಿ ನೋಡುವ ಹಾಗೆ ನನ್ನನ್ನು ಏಕವಚನದಲ್ಲಿ ಬೈದಳು. ಆಕೆಯ ಬೈಗಳಲ್ಲಿ ಒಂದೂ ಅನ್ಯಾಯದ್ದಿರಲಿಲ್ಲ. ಅವರೆಲ್ಲರ ಎದುರೇ ತಪ್ಪಾಯಿತು ಎಂದು ಹೇಳಿ, ಉಗುರು ತಾಗಿದ ಮೂರೂ ಹಣ್ಣು ಕೊಂಡು ಮನೆಗೆ ಬಂದೆ. ಮನೆಯವಳು ಈಳಿಗೆಯ ಮುಂದೆ ಕುಳಿತು ಗೀರುಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಇವತ್ತ ಯಾರಿಗೆ ಬೈದು ಬಂದ್ರಿ ಎಂದು ಕೇಳಿದಳು. ಬೈಸಿಕೊಂಡು ಬಂದೆ ಎಂಬುದನ್ನು ಮರ್ಯಾದೆಯಾಗಿ ಹೇಳಲು ಕರಡು ಹಾಕುತ್ತಿದ್ದೇನೆ. ಎರಡನೆಯದರಲ್ಲಿ ಮತ್ತೆ ನೆಗಡಿ ಬಂದಿದೆ.