ತಿನ್ನೋ ಬಸವಣ್ಣ, ಕಡ್ಲೆಕಾಯಿ ತಿನ್ನೋ

ಜನ ಹಾಡೋಕೆ ಅಂತ ಹಾಡು ಬರೆದುಕೊಟ್ಟವನಿಗೆ ನೆಮ್ಮದಿ ಅನ್ನೋದು ಇಲ್ಲವೇ ಇಲ್ಲ. ಬಸವನಗುಡಿಯಲ್ಲಂತೂ ಪ್ರತಿಯೊಬ್ಬರೂ ಸಾಹಿತ್ಯ ತಿದ್ದುತ್ತಾರೆ. ಕಡ್ಲೆಕಾಯಿ ಪರಿಷೆಗೆ ನಮ್ಮ ಬೀದಿ ಸಂಘದವರು ಜಾನಪದ ಶೈಲಿಯ ಹಾಡು ಕೇಳಿದರು. ಜನರೆಲ್ಲ ಸೇರಿ ಹಾಡಬೇಕು ಅನ್ನೋದೊಂದೇ ನನ್ನ ಆಸೆ.

ಕಾಪಿ ಪೇಸ್ಟ್

ನುಡಿ ಒಬ್ಬ ಹಾಡುತ್ತಾನೆ, ಸೊಲ್ಲನ್ನು, ಅಂದರೆ ಪಲ್ಲವಿಯನ್ನು, ಊರೇ ಹಾಡುತ್ತದೆ. ಅದಕ್ಕೇ ಸೊಲ್ಲು ಒಂದೇ ಉಸಿರಿಗೆ ಸಿಗಬೇಕು, ಎರಡು ಸಲ ಕೇಳಿದರೆ ಬಾಯಿಗೆ ಬರಬೇಕು, ಎಳೆದು ಕೂಗೋ ಸ್ವರದಲ್ಲಿ ಮುಗಿಯಬೇಕು. ‘ತಿನ್ನೋ ಬಸವಣ್ಣ, ಕಡ್ಲೆಕಾಯಿ ತಿನ್ನೋ’ ಅಂತ ಬರೆದೆ. ಪ್ರತಿ ನುಡಿ ಆದ ಮೇಲೂ ಅದೇ.

ಸಂಘದ ಕಾರ್ಯದರ್ಶಿಗಳು ಕನ್ನಡಕ ಏರಿಸಿದರು. “ಏನ್ ಸಾರ್, ಅದೇ ಸಾಲು ಮತ್ತೆ ಮತ್ತೆ! ಕಾಪಿ ಪೇಸ್ಟಾ?”

“ಸ್ವಾಮಿ, ಅದು ಸೊಲ್ಲು. ಬದಲಾದ್ರೆ ಜನ ಹೇಗೆ ಹಿಡೀತಾರೆ?”

“ಜನಕ್ಕೂ ಬೋರಾಗಲ್ವಾ? ಸ್ವಲ್ಪ ಯೋಚನೆ ಮಾಡಿ ಬೇರೆ ಬೇರೆ ಬರೀರಿ.”

ಅಂದರೆ ನಾನು ಯೋಚನೆ ಮಾಡಿರಲಿಲ್ಲ!

ಸಂಘದ ಹೆಸರು

ಅಧ್ಯಕ್ಷರದ್ದು ಬೇರೆ ಬೇಡಿಕೆ. ಬಸವಣ್ಣನ ಜಾಗಕ್ಕೆ ಸಂಘದ ಪೂರ್ತಿ ಹೆಸರು ಬರಬೇಕಂತೆ. ‘ನಿವಾಸಿಗಳ ಕ್ಷೇಮಾಭಿವೃದ್ಧಿ’ ಅಂತ ತಮಟೆ ಏಟಿಗೆ ಹಾಡಿ ತೋರಿಸಿ ಅಂದೆ. ಅರ್ಧಕ್ಕೇ ಕೆಮ್ಮು ಬಂತು.

“ನೀರು ಕೊಡ್ರಪ್ಪ,” ಅಂದವರು, ಕುಡಿದು, “ಪ್ರಾಕ್ಟೀಸ್ ಮಾಡಿದ್ರೆ ಬರುತ್ತೆ,” ಅಂದರು.

ಗಾಯಕಿ

ಕಾದಾಡಿ ಸೊಲ್ಲು ಉಳಿಸಿಕೊಂಡೆ. ಹಾಡೋಕೆ ಕರೆಸಿದ್ದು ಸಂಗೀತ ಕಛೇರಿ ಮಾಡೋ ಮಲ್ಲೇಶ್ವರಂನ ಗಾಯಕಿಯನ್ನ.

“ಮೇಡಂ, ಸೊಲ್ಲನ್ನ ನೀವು ಒಂದ್ಸಲ ಎತ್ತಿಕೊಟ್ಟು ನಿಲ್ಲಿಸ್ಬಿಡಿ. ಆಮೇಲೆ ಜನ ಹಾಡ್ತಾರೆ.”

“ಸುಮ್ನೆ ನಿಲ್ಲೋದಾ? ನಾನು ಸಂಗೀತ ಕಲಿತಿದೀನಿ ಸಾರ್!”

ಪರಿಷೆ ದಿನ ವೇದಿಕೆಯಲ್ಲಿ ಕಣ್ಣು ಮುಚ್ಚಿದರು. ‘ತಿನ್ನೋ’ ಒಂದನ್ನೇ ಸುತ್ತಿ ಸುತ್ತಿ ಎಳೆದರು, ಪ್ರತಿ ಸಲವೂ ಬೇರೆ ಥರ. ಜನ ಬಾಯಿ ತೆರೆಯೋದು, ಜಾಗ ಸಿಗದೆ ಮುಚ್ಚೋದು. ಕೊನೆಗೆ ಜನ ಕಡ್ಲೆಕಾಯಿ ಬಿಡಿಸಿಕೊಂಡು ತಿನ್ನತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಜನ ಹಾಡಿದರು

ಆಗಲೇ ಅಧ್ಯಕ್ಷರು ಮೈಕ್ ಕಿತ್ತುಕೊಂಡರು. ಯಾರೋ ದಾರಿಗೆ ಅಡ್ಡ ಕಾರು ನಿಲ್ಲಿಸಿದ್ದರು.

“ಗಾಡಿ ತೆಗೀರಪ್ಪೋ, ಗಾಡಿ ತೆಗೀರೋ!”

ತಮಟೆಯವನ ಕೈ ನಿಂತಿರಲಿಲ್ಲ. ಕೂಗು ಸರಿಯಾಗಿ ಏಟಿಗೇ ಬಿತ್ತು. ಅಧ್ಯಕ್ಷರು ಇನ್ನೊಂದು ಸಲ ಕೂಗಿ, ಕಾರಿನವನು ಬರ್ತಾನಾ ಅಂತ ಸುಮ್ಮನೆ ನಿಂತರು. ಆ ಖಾಲಿ ಜಾಗಕ್ಕೆ ಇಡೀ ಬೀದಿ ಎದ್ದು, ಚಪ್ಪಾಳೆ ತಟ್ಟಿ, “ಗಾಡಿ ತೆಗೀರಪ್ಪೋ, ಗಾಡಿ ತೆಗೀರೋ!”

ಗಾಯಕಿ ಗಾಬರಿಯಾಗಿ ಮುಂದಿನ ನುಡಿ ಎತ್ತಿಕೊಂಡರು: “ಮಾಗಡಿ ಹೊಲದಿಂದ ಮೂಟೆ ಬಂತು...”

“ಗಾಡಿ ತೆಗೀರಪ್ಪೋ!”

“ಬಸವಣ್ಣನ ಮುಂದೆ ರಾಶಿ ಬಿತ್ತು...”

“ಗಾಡಿ ತೆಗೀರೋ!”

ಕಾರು ಮಾತ್ರ ಅಲ್ಲಾಡಲಿಲ್ಲ. ಅದರ ಯಜಮಾನ ಮುಂದಿನ ಸಾಲಲ್ಲಿ ಎಲ್ಲರಿಗಿಂತ ಜೋರಾಗಿ ಹಾಡ್ತಿದ್ದ.

ಹಲ್ಲು ಕಡಿಯುತ್ತ ಹೊರಟೆ. ಅಧ್ಯಕ್ಷರು ಓಡಿಬಂದು ಹೆಗಲ ಮೇಲೆ ಕೈಯಿಟ್ಟರು.

“ಬೇಜಾರ್ ಮಾಡ್ಕೋಬೇಡಿ ಸಾರ್, ನುಡಿಗಳು ಪರವಾಗಿಲ್ಲ. ಮುಂದಿನ ವರ್ಷ ಅಷ್ಟು ಮಾತ್ರ ನೀವು ಬರೀರಿ, ಸೊಲ್ಲು ನಾನೇ ನೋಡ್ಕೋತೀನಿ.”